ಉಪಗ್ರಹ ಚಿತ್ರ ವಿಶ್ಲೇಷಣೆಯಲ್ಲಿ ಇಲ್ಲದ ಚಿತ್ರ, ಖಾಲಿ ಚಿತ್ರ ಮತ್ತು ಕೆಟ್ಟ ಕಡತ

ಉಪಗ್ರಹ ಚಿತ್ರಗಳ ಸರಣಿಯನ್ನು ವಿಶ್ಲೇಷಿಸುವಾಗ ಒಂದು ದಿನಾಂಕದ ಫಲಿತಾಂಶ ದೊರೆಯದಿದ್ದರೆ ಅದಕ್ಕೆ ಮುಖ್ಯವಾಗಿ ಮೂರು ಕಾರಣಗಳಿರಬಹುದು. ಆ ದಿನ ಚಿತ್ರವನ್ನೇ ತೆಗೆದಿರದಿದ್ದರೆ ಅದು '''ಇಲ್ಲದ ಚಿತ್ರ'''. ಕಡತ ಸರಿಯಾಗಿ ತೆರೆದರೂ ಅದರಲ್ಲಿ ಅಳತೆಯ ಬೆಲೆಗಳಿಲ್ಲದಿದ್ದರೆ ಅದು '''ಖಾಲಿ ಚಿತ್ರ'''. ಬೆಲೆಗಳಿದ್ದ ಕಡತವು ಇಳಿಸಿಕೊಳ್ಳುವಾಗ ಅಥವಾ ಸಂಗ್ರಹದಲ್ಲಿ ಹಾಳಾಗಿದ್ದರೆ ಅದು '''ಕೆಟ್ಟ ಕಡತ'''. ಕೆಟ್ಟ ಕಡತವನ್ನು ಮತ್ತೆ ಇಳಿಸಿಕೊಂಡು ಸರಿಪಡಿಸಬಹುದು. ಉಳಿದೆರಡಕ್ಕೆ ಬೇರೆ ದಿನಾಂಕದ ಚಿತ್ರವನ್ನೇ ಹುಡುಕಬೇಕಾಗುತ್ತದೆ. ಈ ವ್ಯತ್ಯಾಸವನ್ನು ಇಲ್ಲಿ ತುಮಕೂರು ಜಿಲ್ಲೆಯ ಕೆರೆಗಳ ನೀರಿನ ಹರವನ್ನು ಅಳೆಯುವ ಉದಾಹರಣೆಯ ಮೂಲಕ ವಿವರಿಸಲಾಗಿದೆ.

== ತುಮಕೂರು ಪ್ರದೇಶದ ಚಿತ್ರಗಳು ==
ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳನ್ನು ಚೌಕಾಕಾರದ ಹಾಳೆಗಳಾಗಿ ವಿಂಗಡಿಸಿ ಉಚಿತವಾಗಿ ಒದಗಿಸಲಾಗುತ್ತದೆ. ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಮೂರೂ <code>43PGQ</code> ಎಂಬ ಒಂದೇ ಹಾಳೆಯಲ್ಲಿ ಬರುತ್ತವೆ. ಆದ್ದರಿಂದ ತುಮಕೂರಿನ ಅಮಾನಿಕೆರೆ, ಗುಬ್ಬಿ ಕೆರೆ ಮತ್ತು ಕುಣಿಗಲ್ ದೊಡ್ಡಕೆರೆಗಳನ್ನು ಒಂದೇ ಕಡತದಿಂದ ಅಳೆಯಬಹುದು. ಆ ಕಡತ ಕೆಟ್ಟರೆ ಮೂರೂ ಕೆರೆಗಳ ಲೆಕ್ಕ ಒಟ್ಟಿಗೇ ತಪ್ಪುತ್ತದೆ.

ಹಾಳೆಯ ಹಸಿರು ಬ್ಯಾಂಡ್ (<code>B03</code>) ಮತ್ತು ಸಮೀಪದ ಅವಕೆಂಪು ಬ್ಯಾಂಡ್ (<code>B08</code>) 10 ಮೀಟರ್ ಪಿಕ್ಸೆಲ್‌ಗಳಲ್ಲಿರುತ್ತವೆ. ಒಂದು ಬ್ಯಾಂಡ್ 10,980 ಸಾಲು ಮತ್ತು 10,980 ಕಂಬಗಳಷ್ಟು ದೊಡ್ಡದು. ನೂರು ಪಿಕ್ಸೆಲ್ ಸೇರಿದರೆ ಒಂದು ಹೆಕ್ಟೇರ್. ನೀರು ಅವಕೆಂಪು ಬೆಳಕನ್ನು ಬಹುಮಟ್ಟಿಗೆ ಹೀರಿಕೊಳ್ಳುವುದರಿಂದ ಈ ಎರಡು ಬ್ಯಾಂಡ್‌ಗಳ ಅನುಪಾತದಿಂದ ನೀರನ್ನು ಗುರುತಿಸುತ್ತಾರೆ:

```
NDWI = (B03 - B08) / (B03 + B08)
```

ಈ ಸೂಚ್ಯಂಕವು ಸೊನ್ನೆಗಿಂತ ಹೆಚ್ಚಿರುವ ಪಿಕ್ಸೆಲ್‌ಗಳನ್ನು ನೀರೆಂದು ಎಣಿಸುವುದು ರೂಢಿ.

== ಖಾಲಿ ಚಿತ್ರದಿಂದ ಕೆರೆ ಬತ್ತಿದಂತೆ ಕಾಣುವ ಬಗೆ ==
ಸೆಂಟಿನೆಲ್-2 ಕಡತಗಳಲ್ಲಿ 0 ಎಂಬ ಬೆಲೆಯನ್ನು 'ಇಲ್ಲಿ ಅಳತೆ ಇಲ್ಲ' ಎಂಬುದಕ್ಕೆ ಮೀಸಲಿಡಲಾಗಿದೆ. ಎರಡೂ ಬ್ಯಾಂಡ್‌ಗಳು 0 ಆಗಿದ್ದರೆ ಮೇಲಿನ ಸೂತ್ರದಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಲೆಕ್ಕ ವಿಫಲವಾಗುತ್ತದೆ. ಇದು ಒಂದು ರೀತಿಯಲ್ಲಿ ಒಳ್ಳೆಯದೇ, ಏಕೆಂದರೆ ಏನೋ ತಪ್ಪಿದೆ ಎಂಬುದು ಕೂಡಲೇ ತಿಳಿಯುತ್ತದೆ.

2022ರ ಜನವರಿ 25ರಿಂದ ಸಂಸ್ಕರಣಾ ಕ್ರಮ ಬದಲಾಗಿ, ಪ್ರತಿ ಬೆಲೆಗೂ 1000ವನ್ನು ಕೂಡಿಸಿ ಕಡತದಲ್ಲಿ ಇಡಲಾಗುತ್ತಿದೆ. ಬಳಸುವವರು ಆ 1000ವನ್ನು ಕಳೆದು ಲೆಕ್ಕ ಮಾಡಬೇಕು. ಖಾಲಿ ಪಿಕ್ಸೆಲ್‌ಗೂ ಇದೇ ಕಳೆಯುವಿಕೆ ನಡೆದರೆ ಎರಡೂ ಬ್ಯಾಂಡ್‌ಗಳು −1000 ಆಗುತ್ತವೆ. ಆಗ ಮೇಲಿನ ಭಾಗ 0, ಕೆಳಗಿನ ಭಾಗ −2000. ಸೂಚ್ಯಂಕ ಸರಿಯಾಗಿ 0. ಲೆಕ್ಕ ನಿಲ್ಲುವುದಿಲ್ಲ, ದೋಷ ಸಂದೇಶವೂ ಬರುವುದಿಲ್ಲ. ಸೂಚ್ಯಂಕ ಸೊನ್ನೆಗಿಂತ ಹೆಚ್ಚಿಲ್ಲದ ಕಾರಣ ತುಂಬಿದ ಕುಣಿಗಲ್ ಕೆರೆಯ ನೀರಿನ ಹರವು 0 ಹೆಕ್ಟೇರ್ ಎಂದು ದಾಖಲಾಗುತ್ತದೆ. ಹೇಮಾವತಿ ನಾಲೆಯ ನೀರನ್ನು ಅವಲಂಬಿಸಿದ ಜಿಲ್ಲೆಯಲ್ಲಿ ಇಂತಹ ಒಂದು ಸೊನ್ನೆಯನ್ನು ಬರದ ಲಕ್ಷಣವೆಂದು ಓದುವುದು ಕಷ್ಟವೇನಲ್ಲ. ಆದ್ದರಿಂದ 1000ವನ್ನು ಕಳೆಯುವ ಮೊದಲೇ 0 ಬೆಲೆಯ ಪಿಕ್ಸೆಲ್‌ಗಳನ್ನು ಬೇರ್ಪಡಿಸಬೇಕು.

== ಪತ್ತೆಹಚ್ಚುವ ಕ್ರಮ ==
ಮೊದಲು ನೋಡಬೇಕಾದುದು ತನ್ನ ಗಣಕವನ್ನಲ್ಲ, ಒದಗಿಸುವವರ ಸೂಚಿಯನ್ನು. ಎರಡು ಉಪಗ್ರಹಗಳು ಕೆಲಸ ಮಾಡುತ್ತಿರುವಾಗ ಒಂದು ಸ್ಥಳದ ಚಿತ್ರ ಸಾಮಾನ್ಯವಾಗಿ 5 ದಿನಕ್ಕೊಮ್ಮೆ, ಒಂದೇ ಇದ್ದಾಗ 10 ದಿನಕ್ಕೊಮ್ಮೆ ದೊರೆಯುತ್ತದೆ. ಸೆಂಟಿನೆಲ್-2ಎ 2015ರ ಜೂನ್‌ನಲ್ಲಿ, 2ಬಿ 2017ರ ಮಾರ್ಚ್‌ನಲ್ಲಿ ಉಡಾವಣೆಯಾದವು. ಹೀಗಾಗಿ 2016ರ ಸರಣಿಯಲ್ಲಿ ಹತ್ತು ದಿನಗಳ ಅಂತರ ಕಂಡರೆ ಅದು ದೋಷವಲ್ಲ. ಸೂಚಿಯಲ್ಲಿಯೂ ಆ ದಿನಾಂಕ ಇಲ್ಲದಿದ್ದರೆ ಚಿತ್ರ ನಿಜಕ್ಕೂ ಇಲ್ಲ. ಸೂಚಿಯಲ್ಲಿದ್ದು ಗಣಕದಲ್ಲಿ ಇಲ್ಲದಿದ್ದರೆ ಅದು ಇಳಿಸಿಕೊಳ್ಳದೆ ಬಿಟ್ಟದ್ದು ಮಾತ್ರ.

ಕಡತ ಇದ್ದರೆ ಅದನ್ನು ಪೂರ್ತಿ ಓದಿಸಿ ನೋಡಬೇಕು. ಮುಕ್ತ ತಂತ್ರಾಂಶವಾದ ಜಿಡಾಲ್‌ನಲ್ಲಿ ಇದಕ್ಕೆ ಈ ಆದೇಶಗಳಿವೆ:

```
gdalinfo -mm B03.jp2
gdallocationinfo -wgs84 B03.jp2 77.03 13.02
```

ಮೊದಲನೆಯದು ಇಡೀ ಬ್ಯಾಂಡ್‌ನ ಕನಿಷ್ಠ ಮತ್ತು ಗರಿಷ್ಠ ಬೆಲೆಗಳನ್ನು ತೋರಿಸುತ್ತದೆ. ಎರಡನೆಯದು ಕುಣಿಗಲ್ ಪಟ್ಟಣದ ಬಳಿಯ ಒಂದು ಪಿಕ್ಸೆಲ್‌ನ ಬೆಲೆಯನ್ನು ಕೊಡುತ್ತದೆ. <code>-mm</code> ಇಲ್ಲದೆ <code>gdalinfo</code> ಕೇವಲ ಕಡತದ ತಲೆಭಾಗವನ್ನು ಓದುವುದರಿಂದ, ಅರ್ಧಕ್ಕೆ ಕತ್ತರಿಸಿಹೋದ ಕಡತವೂ ಸರಿಯಿದ್ದಂತೆಯೇ ಕಾಣಬಹುದು. ಕನಿಷ್ಠ, ಗರಿಷ್ಠ ಎರಡೂ 0 ಬಂದರೆ ಕಡತ ಖಾಲಿ. ಓದುವಾಗ ದೋಷ ಬಂದರೆ ಅದು ಕೆಟ್ಟಿದೆಯೆಂದು ಶಂಕಿಸಬೇಕು.

ಕಡತದ ಗಾತ್ರವನ್ನು ಮಾತ್ರ ನೋಡಿ ತೀರ್ಮಾನಿಸುವುದು ಸಾಮಾನ್ಯ ಅಭ್ಯಾಸವಾದರೂ ಅದು ನಂಬಲರ್ಹವಲ್ಲ. ಒಂದು ಬ್ಯಾಂಡ್ ಸಂಕುಚಿತವಾಗದಿದ್ದರೆ ಸುಮಾರು 241 ಮೆಗಾಬೈಟ್ ಆಗುತ್ತದೆ. ಆದರೆ ಎಲ್ಲೆಡೆ ಒಂದೇ ಬೆಲೆಯಿರುವ ಖಾಲಿ ಚಿತ್ರ ಸಂಕುಚಿತಗೊಂಡಾಗ ತೀರ ಚಿಕ್ಕದಾಗುತ್ತದೆ. ಅದು ಚಿಕ್ಕದಾದರೂ ಕೆಟ್ಟಿಲ್ಲ. 0 ಬೈಟ್‌ನ ಕಡತವಾದರೆ ಸಂಶಯವಿಲ್ಲ, ಅದು ಕೆಟ್ಟದ್ದೇ. ಖಚಿತ ಪರೀಕ್ಷೆ ಎಂದರೆ ಪರಿಶೀಲನಾ ಮೊತ್ತ. ಚಿತ್ರದ ಜೊತೆ ಬರುವ <code>manifest.safe</code> ಕಡತದಲ್ಲಿ ಪ್ರತಿ ಕಡತದ ಗಾತ್ರ ಮತ್ತು ಪರಿಶೀಲನಾ ಮೊತ್ತ ನಮೂದಾಗಿರುತ್ತವೆ. ಯಾವ ವಿಧಾನದ ಮೊತ್ತ ಎಂಬುದನ್ನು ಅಲ್ಲಿಯ <code>checksumName</code> ತಿಳಿಸುತ್ತದೆ. ಗಣಕದಲ್ಲಿ ಲೆಕ್ಕ ಹಾಕಿದ ಮೊತ್ತ ಅದಕ್ಕೆ ಹೊಂದಿದರೆ ಕಡತ ಹೊರಟಂತೆಯೇ ತಲುಪಿದೆ.

ಮೊತ್ತ ಹೊಂದಿಯೂ ಕೆರೆಯ ಮೇಲೆ 0 ಇದ್ದರೆ ದೃಶ್ಯ ವರ್ಗೀಕರಣ ಪದರವನ್ನು (<code>SCL</code>) ನೋಡಬೇಕು. ಅಲ್ಲಿಯೂ ಆ ಸ್ಥಳಕ್ಕೆ 0 ಇದ್ದರೆ ಉಪಗ್ರಹದ ನೋಟದ ಪಟ್ಟಿ ಹಾಳೆಯ ಆ ಭಾಗವನ್ನು ಮುಟ್ಟಿಲ್ಲವೆಂದೋ, ಆ ಭಾಗದ ದತ್ತಾಂಶ ನಷ್ಟವಾಗಿದೆಯೆಂದೋ ಅರ್ಥ. ಪಟ್ಟಿಯ ಅಂಚು ಓರೆಯಾಗಿ ಸಾಗುವುದರಿಂದ ಒಂದೇ ಹಾಳೆಯಲ್ಲಿ ಕುಣಿಗಲ್ ಕಾಣಿಸಿ ಗುಬ್ಬಿ ಖಾಲಿ ಉಳಿಯುವುದೂ ಸಾಧ್ಯ. <code>SCL</code> ಪದರ 6, ಅಂದರೆ ನೀರು, ಎಂದು ಹೇಳುತ್ತಿದ್ದು ಕತ್ತರಿಸಿಕೊಂಡ ಚಿತ್ರದಲ್ಲಿ ಮಾತ್ರ 0 ಇದ್ದರೆ ತಪ್ಪು ಕತ್ತರಿಸುವ ಹಂತದಲ್ಲಿ ನಡೆದಿದೆ. ಅಕ್ಷಾಂಶ ರೇಖಾಂಶಗಳನ್ನು ಅದಲುಬದಲಾಗಿ ಕೊಟ್ಟಾಗ ಹಾಳೆಯ ಹೊರಗಿನ ಖಾಲಿ ಜಾಗವೇ ಚಿತ್ರವಾಗಿ ಬರುವುದುಂಟು. 8 ಅಥವಾ 9 ಇದ್ದರೆ ಮೋಡ. ಮೋಡದ ಪಿಕ್ಸೆಲ್‌ಗಳಲ್ಲಿ ದೊಡ್ಡ ಬೆಲೆಗಳಿರುತ್ತವೆ, ಅವು ಖಾಲಿಯಲ್ಲ. ಮುಂಗಾರಿನಲ್ಲಿ ಈ ಪ್ರದೇಶದ ಹಲವು ಚಿತ್ರಗಳು ನಿರುಪಯುಕ್ತವಾಗುವುದು ಇದೇ ಕಾರಣಕ್ಕೆ.

== ಒಂದು ತಿಂಗಳ ಉದಾಹರಣೆ ==
ಕುಣಿಗಲ್ ಕೆರೆಗೆ ಒಂದು ತಿಂಗಳಲ್ಲಿ 1, 6, 11, 16 ಮತ್ತು 21ನೇ ತಾರೀಖಿನ ಚಿತ್ರಗಳು ಬರಬೇಕಿತ್ತೆಂದು ಊಹಿಸೋಣ. 1ರ ಫಲಿತಾಂಶ ಸರಿಯಾಗಿದೆ. 6ರ ಚಿತ್ರ ಸೂಚಿಯಲ್ಲಿಯೂ ಇಲ್ಲ. ಪಟ್ಟಿಯಲ್ಲಿ 'ಚಿತ್ರವಿಲ್ಲ' ಎಂದು ಬರೆಯಬೇಕು, 0 ಎಂದಲ್ಲ. 11ರ ಕಡತ ತೆರೆದರೂ ಪೂರ್ತಿ ಓದುವಾಗ ದೋಷ ಬಂದಿತು, ಮೊತ್ತವೂ ಹೊಂದಲಿಲ್ಲ. ಮತ್ತೆ ಇಳಿಸಿಕೊಂಡಾಗ ಹರವು ದೊರೆಯಿತು. 16ರ ಫಲಿತಾಂಶ 0 ಹೆಕ್ಟೇರ್. ಮೊತ್ತ ಹೊಂದುತ್ತದೆ, ಕೆರೆಯ ಮೇಲೆ <code>B03</code>, <code>B08</code> ಮತ್ತು <code>SCL</code> ಮೂರೂ 0. ಮತ್ತೆ ಇಳಿಸಿಕೊಂಡರೂ ಪ್ರಯೋಜನವಿಲ್ಲ. 21ರಂದು <code>B03</code> ಬೆಲೆಗಳು ಸಾವಿರಗಳಲ್ಲಿದ್ದು <code>SCL</code> 9 ಎನ್ನುತ್ತದೆ, ಅದು ಮೋಡ. ಕೊನೆಗೆ ಉಳಿಯುವುದು 1 ಮತ್ತು 11ರ ಎರಡು ಅಳತೆಗಳು.

== ಹಳೆಯ ಚಿತ್ರಗಳಲ್ಲಿ ==
ಅಮೆರಿಕದ ಲ್ಯಾಂಡ್‌ಸ್ಯಾಟ್-7 ಉಪಗ್ರಹದ ಸ್ಕ್ಯಾನ್ ಸಾಲುಗಳನ್ನು ಸರಿಹೊಂದಿಸುವ ಸಾಧನ 2003ರ ಮೇ 31ರಂದು ಕೆಟ್ಟುಹೋಯಿತು. ಅದರ ನಂತರದ ಪ್ರತಿ ಚಿತ್ರದಲ್ಲಿ ಸುಮಾರು 22 ಶೇಕಡಾ ಭಾಗ ಓರೆ ಪಟ್ಟೆಗಳಾಗಿ ಇಲ್ಲವಾಗಿದೆ. ಪಟ್ಟೆಗಳು ಚಿತ್ರದ ನಡುವೆ ಇಲ್ಲದಂತಾಗಿ ಅಂಚಿನತ್ತ ಅಗಲವಾಗುತ್ತವೆ. ಕೆರೆಯೊಂದರ ಮೇಲೆ ಪಟ್ಟೆ ಹಾದುಹೋದರೆ ಅದರ ಹರವು ಕಡಿಮೆಯಾದಂತೆ ಕಾಣುತ್ತದೆ. ಕಡತ ಮಾತ್ರ ಸಂಪೂರ್ಣ ಸರಿಯಾಗಿರುತ್ತದೆ. ಇಂತಹ ಚಿತ್ರಗಳಲ್ಲಿ ಕೆರೆಯ ಗಡಿಯೊಳಗೆ ಎಷ್ಟು ಪಿಕ್ಸೆಲ್‌ಗಳಿಗೆ ನಿಜವಾದ ಬೆಲೆ ಇದೆ ಎಂಬುದನ್ನು ಹರವಿನ ಜೊತೆಗೇ ದಾಖಲಿಸಬೇಕಾಗುತ್ತದೆ.