ನುಡಿ ಫಾಂಟ್‌ನಲ್ಲಿರುವ ಹಳೆಯ ಕನ್ನಡ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಗಮನಿಸಬೇಕಾದ ಅಂಶಗಳು

ಅರ್ಜಿ, ಪ್ರಮಾಣಪತ್ರ, ಕರಾರುಪತ್ರ ಮುಂತಾದ ದಾಖಲೆಗಳನ್ನು ಹಲವು ವರ್ಷಗಳ ಹಿಂದೆ ನುಡಿ ಅಥವಾ ಬರಹ ತಂತ್ರಾಂಶದ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿಸಿಟ್ಟುಕೊಂಡಿರುವ ಸಾರ್ವಜನಿಕರು, ಅದೇ ಪಠ್ಯವನ್ನು ಆನ್‌ಲೈನ್ ಅರ್ಜಿ ನಮೂನೆಗೆ ನಕಲಿಸಿದಾಗ ಕನ್ನಡದ ಬದಲು ಅರ್ಥವಾಗದ ಚಿಹ್ನೆಗಳು ಕಾಣಿಸಿಕೊಳ್ಳುವುದುಂಟು. ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿದ ನಂತರವೂ ಒತ್ತಕ್ಷರ ಒಡೆದಿರುವುದು, ಅರ್ಕಾವತ್ತು ಸ್ಥಾನ ತಪ್ಪಿರುವುದು ಕಂಡುಬರುತ್ತದೆ. ಅರ್ಜಿದಾರರ ಹೆಸರಿನಲ್ಲಿಯೇ ಈ ದೋಷ ಉಳಿದಲ್ಲಿ ಗಣಕಯಂತ್ರವು ಅದನ್ನು ಬೇರೆ ಹೆಸರೆಂದೇ ಪರಿಗಣಿಸುತ್ತದೆ. ಈ ದೋಷಗಳ ಕಾರಣ, ಗುರುತಿಸುವ ವಿಧಾನ ಮತ್ತು ಸರಿಪಡಿಸುವ ಕ್ರಮವನ್ನು ಈ ಕೆಳಗೆ ವಿವರಿಸಲಾಗಿದೆ.

1. ದೋಷಕ್ಕೆ ಮೂಲ ಕಾರಣ

ಹಳೆಯ ಫಾಂಟ್‌ಗಳಲ್ಲಿ ಕಡತದೊಳಗೆ ಇರುವುದು ಕನ್ನಡ ಅಕ್ಷರವಲ್ಲ. ಇಂಗ್ಲಿಷ್ ಹಾಗೂ ಇತರ ಯುರೋಪಿಯನ್ ಲಿಪಿಚಿಹ್ನೆಗಳ ಸ್ಥಾನಗಳಲ್ಲಿ ಕನ್ನಡ ಅಕ್ಷರದ ತುಣುಕುಗಳ ಚಿತ್ರಗಳನ್ನು ಕೂರಿಸಲಾಗಿರುತ್ತದೆ. ಫಾಂಟ್ ಇದ್ದಲ್ಲಿ ಆ ತುಣುಕುಗಳು ಕೂಡಿ ಕನ್ನಡವಾಗಿ ಕಾಣುತ್ತವೆ. ಫಾಂಟ್ ಇಲ್ಲದಲ್ಲಿ ಮೂಲ ಚಿಹ್ನೆಗಳೇ ಕಾಣುತ್ತವೆ. ಉದಾಹರಣೆಗೆ, ನುಡಿ ಫಾಂಟ್‌ನಲ್ಲಿ "ಕನ್ನಡ" ಎಂಬ ಪದವು ಕಡತದಲ್ಲಿ ಹೀಗಿರುತ್ತದೆ:

```
PÀ£ÀßqÀ
```

ಯೂನಿಕೋಡ್‌ನಲ್ಲಿ ಕನ್ನಡಕ್ಕೆ U+0C80 ರಿಂದ U+0CFF ವರೆಗಿನ ಸ್ವಂತ ಸ್ಥಾನಗಳಿದ್ದು, ಪ್ರತಿ ವ್ಯಂಜನಕ್ಕೂ ಸ್ವರಚಿಹ್ನೆಗೂ ಒಂದೊಂದು ಸಂಕೇತವಿದೆ. ಆದರೆ ಮುಖ್ಯ ವ್ಯತ್ಯಾಸ ಇರುವುದು ಅನುಕ್ರಮದಲ್ಲಿ. ಹಳೆಯ ಫಾಂಟ್‌ನಲ್ಲಿ ತುಣುಕುಗಳು ಕಾಗದದ ಮೇಲೆ ಬರೆಯುವ ಕ್ರಮದಲ್ಲಿರುತ್ತವೆ. ಯೂನಿಕೋಡ್‌ನಲ್ಲಿ ಅಕ್ಷರಗಳು ಉಚ್ಚರಿಸುವ ಕ್ರಮದಲ್ಲಿರುತ್ತವೆ. ತುಣುಕಿಗೆ ಪ್ರತಿಯಾಗಿ ಅಕ್ಷರವನ್ನು ಇಟ್ಟು, ಕ್ರಮವನ್ನು ಬದಲಾಯಿಸದ ಪರಿವರ್ತಕದಿಂದಲೇ ಮುಂದೆ ತಿಳಿಸಿರುವ ದೋಷಗಳು ಉಂಟಾಗುತ್ತವೆ.

2. ಒತ್ತಕ್ಷರ ಮತ್ತು ಸ್ವರಚಿಹ್ನೆ ಅದಲುಬದಲಾಗುವುದು

"ಶ್ರೀ" ಎಂದು ಬರೆಯುವಾಗ ಮೊದಲು "ಶಿ", ನಂತರ ಕೆಳಗೆ ರ-ಒತ್ತು, ಕೊನೆಯಲ್ಲಿ ದೀರ್ಘದ ಗುರುತು ಬರುತ್ತವೆ. ನುಡಿ ಕಡತದಲ್ಲಿಯೂ ಇದೇ ಕ್ರಮವಿದ್ದು, ಅದು ಹೀಗಿರುತ್ತದೆ:

```
²æÃ
```

ಉಚ್ಚಾರಣೆಯಲ್ಲಿ ಶ್, ರ್, ಈ ಎಂಬ ಕ್ರಮವಿರುವುದರಿಂದ ಯೂನಿಕೋಡ್‌ನಲ್ಲಿ ಶ, ಹಲಂತ, ರ, ದೀರ್ಘ ಈಕಾರದ ಚಿಹ್ನೆ ಎಂಬ ಅನುಕ್ರಮವಿರಬೇಕು. ಅಂದರೆ "ಶಿ"ಯೊಳಗೆ ಸೇರಿರುವ ಇಕಾರವನ್ನು ಬಿಡಿಸಿ, ಒತ್ತಕ್ಷರದ ಆಚೆಗೆ ಸಾಗಿಸಿ, ದೀರ್ಘದ ಗುರುತಿನೊಡನೆ ಕೂಡಿಸಿ ಒಂದೇ ಚಿಹ್ನೆಯಾಗಿ ಮಾಡಬೇಕಾಗುತ್ತದೆ. ಹೀಗೆ ಮಾಡದಿದ್ದಲ್ಲಿ "ಶಿ್ರೀ" ಎಂಬ ರೂಪ ಉಳಿಯುತ್ತದೆ. ಸ್ವರಚಿಹ್ನೆಯ ಬೆನ್ನಿಗೇ ಹಲಂತ ಬರುವುದು ಕನ್ನಡದಲ್ಲಿ ಸಿಂಧುವಲ್ಲದ ಕಾರಣ, ಸಾಮಾನ್ಯವಾಗಿ ಪರದೆಯ ಮೇಲೆ ಆ ಸ್ಥಳದಲ್ಲಿ ಚುಕ್ಕೆಗಳಿಂದಾದ ವೃತ್ತವೊಂದು ಕಾಣುತ್ತದೆ. ಚುಕ್ಕೆಯ ವೃತ್ತ ಕಂಡಲ್ಲಿ ಅಲ್ಲಿ ಅನುಕ್ರಮ ತಪ್ಪಿದೆ ಎಂದು ತಿಳಿಯಬಹುದು.

3. ಅರ್ಕಾವತ್ತಿನ ಸ್ಥಾನ

ಅರ್ಕಾವತ್ತನ್ನು ಅಕ್ಷರದ ನಂತರ ಬರೆಯಲಾಗುತ್ತದೆ, ಆದರೆ ಅಕ್ಷರಕ್ಕಿಂತ ಮೊದಲು ಉಚ್ಚರಿಸಲಾಗುತ್ತದೆ. ನುಡಿ ಕಡತದಲ್ಲಿ ಅದರ ಗುರುತು `ð`. ಇದನ್ನು ಇದ್ದಲ್ಲಿಯೇ "ರ್" ಎಂದು ಬದಲಾಯಿಸಿದರೆ "ಅರ್ಜಿ" ಎಂಬುದು "ಅಜಿರ್" ಎಂದೂ, "ವಿದ್ಯಾರ್ಥಿ" ಎಂಬುದು "ವಿದಾ್ಯಥಿರ್" ಎಂದೂ ಆಗುತ್ತದೆ. ಎರಡನೆಯ ಉದಾಹರಣೆಯಲ್ಲಿ ಹಿಂದಿನ ಕಂಡಿಕೆಯ ದೋಷವೂ ಸೇರಿದೆ.

ಅರ್ಕಾವತ್ತನ್ನು ಒಂದೇ ಒಂದು ಅಕ್ಷರದಷ್ಟು ಹಿಂದಕ್ಕೆ ಸರಿಸುವುದೂ ಸಾಲದು. "ಸಾಮರ್ಥ್ಯ" ಎಂಬಲ್ಲಿ ಅದು "ಥ್ಯ" ಎಂಬ ಸಂಯುಕ್ತಾಕ್ಷರದ ಪೂರ್ಣ ಗುಂಪಿಗಿಂತ ಮೊದಲು ಬರಬೇಕು. ಯ-ಒತ್ತಿಗಿಂತ ಮೊದಲು ಮಾತ್ರ ಸರಿಸಿದಲ್ಲಿ "ಸಾಮಥ್ರ್ಯ" ಎಂದಾಗುತ್ತದೆ. ಇಲ್ಲಿ ಚುಕ್ಕೆಯ ವೃತ್ತ ಕಾಣುವುದಿಲ್ಲ. ಅನುಕ್ರಮ ಸಿಂಧುವಾಗಿಯೇ ಇದ್ದು ಪದ ಮಾತ್ರ ತಪ್ಪಾಗಿರುತ್ತದೆ. ಆದ್ದರಿಂದ ಅರ್ಕಾವತ್ತು ಇರುವ ಪದಗಳನ್ನು ಮೂಲ ಪ್ರತಿಯೊಡನೆ ಓದಿ ತಾಳೆ ನೋಡುವುದು ಅವಶ್ಯಕ.

4. ಮ, ಯ ಅಕ್ಷರಗಳ ಜೋಡಣೆ

ನುಡಿ ಫಾಂಟ್‌ನಲ್ಲಿ "ಮ" ಎಂಬುದಕ್ಕೆ ಪ್ರತ್ಯೇಕ ತುಣುಕಿಲ್ಲ. "ವ"ಕಾರಕ್ಕೆ ಉಕಾರದ ಕೊಂಬನ್ನು ಸೇರಿಸಿ `ªÀÄ` ಎಂದು "ಮ" ರಚಿಸಲಾಗಿದೆ. "ವು" ಎಂಬುದಕ್ಕೆ ಬೇರೆ ಕೊಂಬನ್ನು ಬಳಸಿ `ªÀÅ` ಎಂದು ಬರೆಯಲಾಗುತ್ತದೆ. ಅದೇ ರೀತಿ "ಯ" ಎಂಬುದು `AiÀÄ` ಆಗಿದ್ದು, ಅದರ ಮೊದಲ ಚಿಹ್ನೆ `A` ಒಂಟಿಯಾಗಿ ಬಂದಾಗ ಅನುಸ್ವಾರವಾಗಿರುತ್ತದೆ.

ಈ ಕಾರಣದಿಂದ ಪರಿವರ್ತಕವು ಯಾವಾಗಲೂ ಉದ್ದದ ಜೋಡಣೆಯನ್ನು ಮೊದಲು ಹುಡುಕಿ, ಅದು ಸಿಗದಿದ್ದಲ್ಲಿ ಮಾತ್ರ ಚಿಕ್ಕದನ್ನು ಪರಿಗಣಿಸಬೇಕು. ಒಂದೊಂದೇ ತುಣುಕನ್ನು ಬದಲಾಯಿಸಿದಲ್ಲಿ "ಮ" ಇರುವಲ್ಲೆಲ್ಲ "ವು" ಬರುತ್ತದೆ; "ಆದಾಯ" ಎಂಬ ಪದದ "ದಾ" ನಂತರ ಇಲ್ಲದ ಅನುಸ್ವಾರ ಸೇರಿಕೊಳ್ಳುತ್ತದೆ.

5. ಒಂದು ಹೆಸರಿನ ಪರಿವರ್ತನೆ: ಉದಾಹರಣೆ

"ಕೃಷ್ಣಮೂರ್ತಿ" ಎಂಬ ಹೆಸರು ನುಡಿ ಕಡತದಲ್ಲಿ ಹೀಗಿರುತ್ತದೆ:

```
PÀÈµÀÚªÀÄÆwð
```

ತುಣುಕುಗಳನ್ನು ಇದ್ದ ಕ್ರಮದಲ್ಲಿಯೇ ಬದಲಾಯಿಸಿದಾಗ "ಕೃಷ್ಣವುೂತಿರ್" ಎಂದಾಗುತ್ತದೆ. ಇದನ್ನು ಸರಿಯಾಗಿ ಪರಿವರ್ತಿಸುವ ಹಂತಗಳು ಹೀಗಿವೆ.

ಮೊದಲನೆಯದಾಗಿ, `PÀ` ಎಂಬುದು "ಕ", `È` ಎಂಬುದು ಋಕಾರದ ಚಿಹ್ನೆ. ಎರಡೂ ಕೂಡಿ "ಕೃ". ಎರಡನೆಯದಾಗಿ, `µÀ` ಎಂಬುದು "ಷ", `Ú` ಎಂಬುದು ಣ-ಒತ್ತು. ನಡುವೆ ಹಲಂತ ಸೇರಿಸಿದಾಗ "ಷ್ಣ". ಮೂರನೆಯದಾಗಿ, `ªÀÄ` ಎಂಬ ಪೂರ್ಣ ಜೋಡಣೆಯನ್ನು "ಮ" ಎಂದು ತೆಗೆದುಕೊಂಡು, ನಂತರ ಬರುವ `Æ` ಎಂಬ ಊಕಾರವನ್ನು ಸೇರಿಸಿದಾಗ "ಮೂ". ಕೊನೆಯದಾಗಿ, `w` ಎಂಬುದು "ತಿ". ಅದರ ಮುಂದಿನ `ð` ಚಿಹ್ನೆಯನ್ನು "ತಿ"ಗಿಂತ ಹಿಂದಕ್ಕೆ ಒಯ್ದು "ರ್" ಎಂದಿಟ್ಟಾಗ "ರ್ತಿ". ಒಟ್ಟಾಗಿ "ಕೃಷ್ಣಮೂರ್ತಿ" ಎಂಬ ಸರಿಯಾದ ರೂಪ ದೊರೆಯುತ್ತದೆ.

6. ಕಣ್ಣಿಗೆ ಕಾಣದ ಎರಡು ಸಂಕೇತಗಳು

"ರಾಜ್‌ಕುಮಾರ್" ಎಂಬ ಹೆಸರಿನಲ್ಲಿ "ಜ್" ನಂತರ "ಕು" ಪ್ರತ್ಯೇಕವಾಗಿ ನಿಲ್ಲುತ್ತದೆ. ಹಳೆಯ ಫಾಂಟ್‌ನಲ್ಲಿ ಇದಕ್ಕೆ ವಿಶೇಷ ಕ್ರಮ ಬೇಕಿರಲಿಲ್ಲ. ಯೂನಿಕೋಡ್‌ನಲ್ಲಿ ಹಲಂತದ ಮುಂದೆ ವ್ಯಂಜನ ಬಂದರೆ ಅದು ತಾನಾಗಿಯೇ ಒತ್ತಕ್ಷರವಾಗುವುದರಿಂದ ಹೆಸರು "ರಾಜ್ಕುಮಾರ್" ಎಂದಾಗುತ್ತದೆ. ಇದನ್ನು ತಡೆಯಲು ಹಲಂತದ ನಂತರ U+200C ಎಂಬ, ಅಗಲವಿಲ್ಲದ ಬೇರ್ಪಡಿಸುವ ಸಂಕೇತವನ್ನು ಸೇರಿಸಬೇಕು.

ಇದಕ್ಕೆ ಪ್ರತಿಯಾಗಿ, "ರ‍್ಯಾಂಕ್" ಎಂಬಲ್ಲಿ ರಕಾರವು ಪೂರ್ಣವಾಗಿ ಉಳಿದು ಯ-ಒತ್ತು ಕೆಳಗೆ ಬರಬೇಕು. ಸಾಧಾರಣ ಪರಿವರ್ತನೆಯಲ್ಲಿ ಅದು ಅರ್ಕಾವತ್ತಾಗಿ "ರ್ಯಾಂಕ್" ಎಂದಾಗುತ್ತದೆ. ಇಲ್ಲಿ ರಕಾರ ಮತ್ತು ಹಲಂತದ ನಡುವೆ U+200D ಎಂಬ ಕೂಡಿಸುವ ಸಂಕೇತವನ್ನು ಇಡಬೇಕು. ಮೂಲ ಕಡತದಲ್ಲಿ `ð` ಇದ್ದಲ್ಲಿ ಅರ್ಕಾವತ್ತೆಂದೂ, ರಕಾರಕ್ಕೇ ಒತ್ತಕ್ಷರ ಸೇರಿದ್ದಲ್ಲಿ ಈ ಸಂಕೇತ ಅಗತ್ಯವೆಂದೂ ನಿರ್ಧರಿಸಬಹುದು.

ಈ ಸಂಕೇತಗಳಿರುವ ಮತ್ತು ಇಲ್ಲದ ಎರಡು ಹೆಸರುಗಳನ್ನು ಗಣಕಯಂತ್ರವು ನೇರವಾಗಿ ಹೋಲಿಸಿದಾಗ ಅವು ಬೇರೆ ಬೇರೆಯಾಗುತ್ತವೆ. ಆದ್ದರಿಂದ ಒಂದೇ ಅರ್ಜಿಯ ಎಲ್ಲ ಕಡೆಯೂ ಹೆಸರನ್ನು ಒಂದೇ ರೂಪದಲ್ಲಿ ಬಳಸುವುದು ಸೂಕ್ತ.

7. ಪರಿವರ್ತಿಸುವ ಮೊದಲು ಮತ್ತು ನಂತರ

ಪರಿವರ್ತಿಸುವ ಮೊದಲು ಪಠ್ಯವನ್ನು ಆಯ್ಕೆ ಮಾಡಿ ಫಾಂಟ್‌ನ ಹೆಸರನ್ನು ನೋಡಬೇಕು. `Nudi` ಅಥವಾ `BRH` ಎಂದು ಆರಂಭವಾಗುವ ಫಾಂಟ್‌ಗಳಿಗೆ ಸಾಮಾನ್ಯವಾಗಿ ಒಂದೇ ಪರಿವರ್ತನಾ ಪಟ್ಟಿ ಹೊಂದುತ್ತದೆ. ಶ್ರೀಲಿಪಿಯಂತಹ ಇತರ ತಂತ್ರಾಂಶಗಳ ಸಂಕೇತಗಳು ಬೇರೆಯಾಗಿರುವುದರಿಂದ ಅವುಗಳಿಗೆ ಆಯಾ ಪರಿವರ್ತಕವನ್ನೇ ಬಳಸಬೇಕು.

ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದಲ್ಲಿ ಅವುಗಳನ್ನು ಹೊರತುಪಡಿಸಿ, ಕನ್ನಡ ಫಾಂಟ್‌ನಲ್ಲಿರುವ ಭಾಗವನ್ನು ಮಾತ್ರ ಪರಿವರ್ತಿಸಬೇಕು. ಇಲ್ಲವಾದಲ್ಲಿ `BPL` ಎಂಬುದರಲ್ಲಿನ `B` ವಿಸರ್ಗವಾಗಿಯೂ `L` ಎಂಬುದು "ಐ" ಆಗಿಯೂ ಬದಲಾಗುತ್ತವೆ.

ಪರಿವರ್ತನೆಯ ನಂತರ ಮೂರು ಅಂಶಗಳನ್ನು ಪರಿಶೀಲಿಸಬೇಕು. `À`, `Ã`, `ð` ಮುಂತಾದ ಚಿಹ್ನೆಗಳು ಉಳಿದಿವೆಯೇ ಎಂದು ಹುಡುಕುವುದು ಮೊದಲನೆಯದು. "ವುೂ", "ತಿರ್", "ಥಿರ್" ಎಂಬ ರೂಪಗಳನ್ನು ಹುಡುಕುವುದು ಎರಡನೆಯದು. "ಕುಮಾರ್", "ಸುಧೀರ್" ಮುಂತಾದ ಹೆಸರುಗಳಲ್ಲಿ ಪದದ ಕೊನೆಯ "ರ್" ಸರಿಯಾಗಿಯೇ ಇರುವುದರಿಂದ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬಾರದು. ಮೂರನೆಯದಾಗಿ, ಮಾದರಿ ಹುಡುಕಾಟದ ಸೌಲಭ್ಯವಿರುವ ಪಠ್ಯ ಸಂಪಾದಕದಲ್ಲಿ ಸ್ವರಚಿಹ್ನೆಯ ಬೆನ್ನಿಗೆ ಹಲಂತ ಬಂದಿರುವ ಸ್ಥಳಗಳನ್ನು ಹೀಗೆ ಹುಡುಕಬಹುದು:

```
[\u0CBE-\u0CCC]\u0CCD
```

ಸರಿಯಾದ ಪಠ್ಯದಲ್ಲಿ ಈ ಹುಡುಕಾಟಕ್ಕೆ ಯಾವ ಫಲಿತಾಂಶವೂ ಬರುವುದಿಲ್ಲ.

8. ಪರಿವರ್ತನೆ ಸಾಧ್ಯವಾಗದ ಸಂದರ್ಭ

ಹಳೆಯ ಪಠ್ಯವು ಇ-ಮೇಲ್ ಅಥವಾ ಬೇರೆ ತಂತ್ರಾಂಶದ ಮೂಲಕ ಹಾದುಬರುವಾಗ ವಿಶೇಷ ಚಿಹ್ನೆಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬದಲಾಗಿದ್ದಲ್ಲಿ, ಮೂಲ ಅಕ್ಷರ ಯಾವುದೆಂಬ ಮಾಹಿತಿ ಆ ಪ್ರತಿಯಲ್ಲಿ ಉಳಿದಿರುವುದಿಲ್ಲ. ಅಂತಹ ಪ್ರತಿಯನ್ನು ಯಾವ ಪರಿವರ್ತಕದಿಂದಲೂ ಸರಿಪಡಿಸಲಾಗದು. ಮೂಲ ಕಡತದಿಂದ ಪುನಃ ಪರಿವರ್ತಿಸಬೇಕು ಅಥವಾ ಮುದ್ರಿತ ಪ್ರತಿಯನ್ನು ನೋಡಿ ಹೊಸದಾಗಿ ಬೆರಳಚ್ಚು ಮಾಡಬೇಕು. ಆದಕಾರಣ ಪರಿವರ್ತನೆ ಪೂರ್ಣಗೊಂಡ ನಂತರವೂ ಹಳೆಯ ಫಾಂಟ್‌ನಲ್ಲಿರುವ ಮೂಲ ಕಡತವನ್ನು ಅಳಿಸದೆ ಇಟ್ಟುಕೊಳ್ಳತಕ್ಕದ್ದು. ಹೆಸರು, ತಂದೆಯ ಹೆಸರು ಹಾಗೂ ಗ್ರಾಮದ ಹೆಸರನ್ನು ಮಾತ್ರ ಪರಿವರ್ತಕಕ್ಕೆ ಬಿಡದೆ ನೇರವಾಗಿ ಯೂನಿಕೋಡ್‌ನಲ್ಲಿಯೇ ಬೆರಳಚ್ಚು ಮಾಡಿ, ಮೂಲ ದಾಖಲೆಯೊಡನೆ ಅಕ್ಷರಶಃ ತಾಳೆ ನೋಡುವುದು ಸೂಕ್ತ.