ವಿಪಿಎನ್ ಹಾಕಿದರೆ ನೆಟ್ ಸ್ಪೀಡ್ ಹೆಚ್ಚುತ್ತದೆಯೇ?

‘ನೆಟ್ ಸ್ಲೋ ಇದೆಯೇ? ಈ ಉಚಿತ ವಿಪಿಎನ್ ಹಾಕಿ, ಸ್ಪೀಡ್ ಡಬಲ್ ಆಗುತ್ತದೆ’ ಎಂಬಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಸಾಮಾನ್ಯವಾಗಿ ಆಗುವುದು ಇದಕ್ಕೆ ತದ್ವಿರುದ್ಧ.

ಕೊಳ್ಳೇಗಾಲದ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಒಬ್ಬರನ್ನು ಊಹಿಸಿಕೊಳ್ಳಿ. ಅವರ ಲ್ಯಾಪ್‌ಟಾಪ್‌ನಿಂದ ಕಚೇರಿಯ ಸರ್ವರ್‌ವರೆಗೆ ಬೇರೆಯವರು ಓದಲಾಗದ ಖಾಸಗಿ ದಾರಿಯೇ ವಿಪಿಎನ್. ಕಚೇರಿಯ ಐಟಿ ವಿಭಾಗ ಹೇಳಿದ ಆ್ಯಪ್ ಹಾಕಿ, ಅವರು ಕಳಿಸಿದ ಪ್ರೊಫೈಲ್ ಫೈಲ್ ಸೇರಿಸಿ, ಪಾಸ್‌ವರ್ಡ್ ಮತ್ತು ಓಟಿಪಿ ಕೊಟ್ಟರೆ ಮುಗಿಯಿತು. ಪ್ಲೇಸ್ಟೋರಿನ ಉಚಿತ ವಿಪಿಎನ್ ಈ ಕೆಲಸಕ್ಕೆ ಬರುವುದಿಲ್ಲ; ಅದರ ಇನ್ನೊಂದು ತುದಿ ನಿಮ್ಮ ಕಚೇರಿಯಲ್ಲಿಲ್ಲ.

ನಿಧಾನವಾಗುವುದು ದಾರಿ ಸುತ್ತುವುದರಿಂದ. ವಿಪಿಎನ್ ಸರ್ವರ್ ಜರ್ಮನಿಯಲ್ಲಿದ್ದರೆ, ಬೆಂಗಳೂರಿನಲ್ಲೇ ಇರುವ ವೆಬ್‌ಸೈಟಿಗೂ ನಿಮ್ಮ ಮಾಹಿತಿ ಅಲ್ಲಿಗೆ ಹೋಗಿಯೇ ಬರಬೇಕು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಅಂದರೆ 7,000 ಕಿ.ಮೀ. ದೂರ ಹೋಗಿ ಬರಲು ಕನಿಷ್ಠ 70 ಮಿಲಿಸೆಕೆಂಡ್ ಬೇಕು. ಯಾವ ಪ್ಲಾನ್ ಹಾಕಿಸಿದರೂ ಇದು ಕಡಿಮೆಯಾಗದು. ಕಚೇರಿ ಕೆಲಸವನ್ನಷ್ಟೇ ವಿಪಿಎನ್‌ನೊಳಗೆ ಕಳಿಸಿ ಉಳಿದದ್ದನ್ನು ನೇರವಾಗಿ ಬಿಡುವ ‘ಸ್ಪ್ಲಿಟ್ ಟನೆಲ್’ ವ್ಯವಸ್ಥೆ ಇದೆ. ಆದರೆ ಅದನ್ನು ಕೊಡಬೇಕೋ ಬೇಡವೋ ಎನ್ನುವುದು ಐಟಿ ವಿಭಾಗಕ್ಕೆ ಬಿಟ್ಟದ್ದು.

ಇನ್ನೊಂದು ತೊಂದರೆ ವಿಚಿತ್ರವಾದದ್ದು. ‘ಕನೆಕ್ಟೆಡ್’ ಎಂದು ತೋರಿಸುತ್ತದೆ, ಚಾಟ್ ಹೋಗುತ್ತದೆ, ಆದರೆ ದೊಡ್ಡ ಫೈಲ್ ತೆರೆಯದೆ ಸುತ್ತುತ್ತಲೇ ಇರುತ್ತದೆ. ಹನೂರು ಕಡೆಯ ಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಕೂತವರು ‘ಟವರ್ ಸರಿ ಇಲ್ಲ’ ಎಂದೇ ಬೈಯುತ್ತಾರೆ. ಕಾರಣ ಟವರ್ ಆಗಿರಲೇಬೇಕೆಂದಿಲ್ಲ. ಮಾಹಿತಿ ಹೋಗುವುದು ಪೊಟ್ಟಣಗಳಲ್ಲಿ. ಒಂದರ ಮಿತಿ ಸಾಮಾನ್ಯವಾಗಿ 1500 ಬೈಟ್. ವಿಪಿಎನ್ ಅದರ ಮೇಲೆ ಇನ್ನೊಂದು ಹೊದಿಕೆ ಹಾಕುತ್ತದೆ. ಹೊದಿಕೆ ಸೇರಿ ದೊಡ್ಡದಾದ ಪೊಟ್ಟಣ ದಾರಿಯಲ್ಲಿ ಬಿದ್ದುಹೋಗುತ್ತದೆ, ಸಣ್ಣದು ದಾಟುತ್ತದೆ. ಪರೀಕ್ಷೆ ಸುಲಭ: ವಿಪಿಎನ್ ಆರಿಸಿದಾಗ ದೊಡ್ಡ ಪುಟಗಳು ಸರಾಗವಾಗಿ ತೆರೆದರೆ ಅನುಮಾನ ಇದರ ಮೇಲೆಯೇ. ವೈರ್‌ಗಾರ್ಡ್ ಬಳಸುವವರಾದರೆ ಐಟಿಯವರನ್ನು ಕೇಳಿ ಈ ಸಾಲು ಸೇರಿಸಿ ನೋಡಬಹುದು:

```
[Interface]
MTU = 1280
```

ಬ್ಯಾಂಕ್ ಆ್ಯಪ್ ಅಥವಾ ಸಿನಿಮಾ ಆ್ಯಪ್ ತಡೆಯುವುದೇಕೆ? ನೀವು ಯಳಂದೂರಿನಲ್ಲೇ ಇದ್ದರೂ ಅವುಗಳಿಗೆ ಕಾಣುವುದು ವಿಪಿಎನ್ ಸರ್ವರ್‌ನ ವಿಳಾಸ. ಅದು ವಿದೇಶದ್ದಾದರೆ ಬ್ಯಾಂಕಿಗೆ ಅನುಮಾನ ಬರುವುದು ಸಹಜ. ಕೆಲವೊಮ್ಮೆ ಕಚೇರಿಯ ಫೈರ್‌ವಾಲ್ ಸಹ ಯೂಟ್ಯೂಬ್‌ನಂಥವನ್ನು ತಡೆದಿರುತ್ತದೆ. ಅಂಥಾಗ ಫೋನನ್ನು ವಿಪಿಎನ್ ಇಲ್ಲದೆ ಬಳಸಿದರೆ ಸಾಕು.

‘ವಿಪಿಎನ್ ಬಳಸಿದರೆ ಜೈಲು’ ಎಂಬ ಫಾರ್ವರ್ಡ್ ಕೂಡ ಓಡಾಡುತ್ತದೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ, ವಿಪಿಎನ್ ಸೇವೆ ಮಾರುವ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು. ಆ ನಿಯಮ ಬಳಕೆಯನ್ನು ನಿಷೇಧಿಸಿಲ್ಲ. ಕಂಪನಿಗಳು ತಮ್ಮ ನೌಕರರಿಗೆ ಕೊಡುವ ವಿಪಿಎನ್‌ಗೆ ಈ ವಿವರ ಇಡುವ ನಿಯಮ ಅನ್ವಯಿಸದು ಎಂದು ಸರ್ಟ್-ಇನ್ ಆಮೇಲೆ ಸ್ಪಷ್ಟಪಡಿಸಿದೆ.