ಡ್ರಾಯರ್ ಚಾನೆಲ್ ಜೋಡಣೆಯಲ್ಲಿ ಬಿಗಿತ ಮತ್ತು ಓರೆ: ಒಂದು ಅಡುಗೆಮನೆ ಕ್ಯಾಬಿನೆಟ್ಟಿನ ಅಳತೆಗಳು

ಡ್ರಾಯರ್ ಸಲೀಸಾಗಿ ಓಡುವುದು ಒಂದು ಪ್ರಶ್ನೆ, ಅದು ಮಟ್ಟವಾಗಿ ಕೂರುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಅಗಲದ ಅಳತೆಯಲ್ಲಿದೆ, ಎರಡನೆಯದಕ್ಕೆ ಎತ್ತರದ ಅಳತೆಯಲ್ಲಿ. ಎರಡನ್ನೂ ಒಂದೇ ದೋಷವೆಂದು ಭಾವಿಸಿ ಚಾನೆಲ್ಲಿನ ಸ್ಕ್ರೂಗಳನ್ನು ಸಡಿಲಿಸಿ ಬಿಗಿ ಮಾಡುತ್ತ ಕೂತರೆ ಒಂದನ್ನು ಸರಿಪಡಿಸುವಾಗ ಮತ್ತೊಂದು ಕೆಡುತ್ತದೆ. ನಮ್ಮ ಮನೆಯ ಅಡುಗೆಕಟ್ಟೆಯ ಕೆಳಗಿನ ಕ್ಯಾಬಿನೆಟ್ಟಿನಲ್ಲಿ ಈ ಎರಡೂ ದೋಷಗಳು ಒಂದೇ ಡ್ರಾಯರಿನಲ್ಲಿ ಕಂಡವು. ಅವನ್ನು ಬೇರೆ ಬೇರೆಯಾಗಿ ಅಳೆದು ನೋಡಿದಾಗ ತಿಳಿದದ್ದನ್ನು ಇಲ್ಲಿ ದಾಖಲಿಸಿದ್ದೇನೆ. ಇಲ್ಲಿನ ಮಾತೆಲ್ಲ ಡ್ರಾಯರಿನ ಎರಡು ಪಕ್ಕಗಳಿಗೆ ಹಾಕುವ, ಗುಂಡುಗಳ ಮೇಲೆ ಓಡುವ ಟೆಲಿಸ್ಕೋಪಿಕ್ ಚಾನೆಲ್ಲಿಗೆ ಸಂಬಂಧಿಸಿದ್ದು.

ಈ ಚಾನೆಲ್ಲಿನ ದಪ್ಪ ಸಾಮಾನ್ಯವಾಗಿ ಅರ್ಧ ಇಂಚು, ಅಂದರೆ 12.7 ಮಿಮೀ. ಎರಡು ಪಕ್ಕ ಸೇರಿ 25.4 ಮಿಮೀ ಆಯಿತು. ಕೈಗೆ ಸ್ವಲ್ಪ ಆಸ್ಪದವಿರಲೆಂದು 26 ಮಿಮೀ ಬಿಡುವುದು ವಾಡಿಕೆ. ಆದ್ದರಿಂದ ಕ್ಯಾಬಿನೆಟ್ಟಿನ ಒಳಅಗಲದಲ್ಲಿ 26 ಕಳೆದರೆ ಡ್ರಾಯರ್ ಪೆಟ್ಟಿಗೆಯ ಹೊರಅಗಲ ಸಿಗುತ್ತದೆ. ಲೆಕ್ಕ ಇಷ್ಟೇ. ಆದರೆ ಯಾವ ಒಳಅಗಲ ಎಂಬಲ್ಲಿ ತಪ್ಪು ನುಸುಳುತ್ತದೆ. ನಮ್ಮ ಕ್ಯಾಬಿನೆಟ್ಟನ್ನು 18 ಮಿಮೀ ಪ್ಲೈವುಡ್ಡಿನಲ್ಲಿ 600 ಮಿಮೀ ಅಗಲಕ್ಕೆ ಕೂಡಿಸಿದ್ದರು. ಕಾಗದದ ಮೇಲೆ ಒಳಅಗಲ 564. ಒಳಗೋಡೆಗಳಿಗೆ ತೆಳು ಲ್ಯಾಮಿನೇಟ್ ಅಂಟಿಸಿದ ಮೇಲೆ, ಗೋಂದೂ ಸೇರಿ, ಒಂದೊಂದು ಕಡೆ ಸುಮಾರು 1 ಮಿಮೀ ಕಡಿಮೆಯಾಗಿ 562 ಉಳಿಯಿತು. ಕೆಲಸಕ್ಕೆ ಬಂದ ಬಡಗಿ ಇದನ್ನು ಗಮನಿಸಿ ಪೆಟ್ಟಿಗೆಯನ್ನು 536ಕ್ಕೆ ಮಾಡಿದ್ದರು. 564ರ ಲೆಕ್ಕದಲ್ಲಿ 538ಕ್ಕೆ ಕೊಯ್ದಿದ್ದರೆ ಉಳಿಯುತ್ತಿದ್ದ ಜಾಗ 24 ಮಿಮೀ. ಅಷ್ಟರಲ್ಲಿ ಚಾನೆಲ್ ಕೂರುವುದೇ ಇಲ್ಲ.

ಇಷ್ಟಾದರೂ ಡ್ರಾಯರ್ ಬಿಗಿಯಾಗಿತ್ತು. ಆ ಬಿಗಿತಕ್ಕೆ ಒಂದು ರೀತಿ ಇತ್ತು: ಪೂರ್ತಿ ತೆರೆದಾಗ ಹಗುರವಾಗಿದ್ದು, ಮುಚ್ಚುತ್ತ ಹೋದಂತೆ ಕೊನೆಯ ಮೂರನೇ ಒಂದು ಭಾಗದಲ್ಲಿ ಭಾರವಾಗುತ್ತಿತ್ತು. ರೋಗವನ್ನು ಹಿಡಿಯಲು ಇದೇ ದೊಡ್ಡ ಸುಳಿವು. ಡ್ರಾಯರ್ ಪೂರ್ತಿ ಹೊರಗಿದ್ದಾಗ ಅದರ ಹಿಂಬದಿ ಕ್ಯಾಬಿನೆಟ್ಟಿನ ಬಾಯಿಯ ಹತ್ತಿರ ಇರುತ್ತದೆ. ಮುಚ್ಚಿದಂತೆ ಅದೇ ಹಿಂಬದಿ ಒಳಗಿನ ತುದಿಗೆ ಸಾಗುತ್ತದೆ. ಅಲ್ಲಿ ಕ್ಯಾಬಿನೆಟ್ ಕಿರಿದಾಗಿದ್ದರೆ ಬಿಗಿತ ಒಳಗೆ ಹೋದಂತೆ ಹೆಚ್ಚುತ್ತದೆ. ಟೇಪು ಹಿಡಿದು ನೋಡಿದರೆ ಮುಂದೆ ಒಳಅಗಲ 562, ಹಿಂದೆ 559. ಹಿಂದೆ ಚಾನೆಲ್ಲುಗಳಿಗೆ ಉಳಿದಿದ್ದು 23 ಮಿಮೀ ಮಾತ್ರ. ಕಾರಣ ಬೆನ್ನಿನ ಹಲಗೆ. ಅದನ್ನು ಮೊಳೆ ಹೊಡೆದು ಕೂರಿಸುವಾಗ ಎರಡು ಪಕ್ಕಗಳು ಒಳಗೆ ಎಳೆದುಕೊಂಡಿದ್ದವು.

ಇಂಥ ಕಡೆ ಚಾನೆಲ್ಲಿನ ಹಿಂದೆ ಲ್ಯಾಮಿನೇಟ್ ಚೂರು ಇಡುವ ಉಪಾಯ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅದು ಜಾಗವನ್ನು ಇನ್ನೂ ಕಡಿಮೆ ಮಾಡುತ್ತದೆ. ಹಿಂದೆ ಜಾಗ ಹೆಚ್ಚಾಗಿ ಡ್ರಾಯರ್ ಅಲ್ಲಾಡುತ್ತಿದ್ದರೆ ಮಾತ್ರ ಆ ಚೂರು ಸರಿಯಾದ ಮದ್ದು. ನಾವು ಮಾಡಿದ್ದು ಹೀಗೆ: ಪ್ಲೈವುಡ್ಡಿನ ಒಂದು ಪಟ್ಟಿಯನ್ನು ನಿಖರವಾಗಿ 562ಕ್ಕೆ ಕೊಯ್ದು, ಬೆನ್ನಿನ ಹಲಗೆಯ ಮೊಳೆಗಳನ್ನು ಕಿತ್ತು, ಪಟ್ಟಿಯನ್ನು ಹಿಂಭಾಗದಲ್ಲಿ ಎರಡು ಪಕ್ಕಗಳ ನಡುವೆ ಅಡ್ಡಲಾಗಿ ಬಿಗಿದೆವು. ಪಕ್ಕಗಳು ಹೊರಗೆ ಸರಿದವು. ಪಟ್ಟಿ ಅಲ್ಲಿರುವಾಗಲೇ ಹಲಗೆಯನ್ನು ಮತ್ತೆ ಕೂರಿಸಿ ಆಮೇಲೆ ಪಟ್ಟಿ ತೆಗೆದೆವು. ಹಿಂದೆ ಮುಂದೆ ಎರಡೂ ಕಡೆ 26 ಮಿಮೀ ಸಿಕ್ಕಿತು. ಡ್ರಾಯರ್ ಒಂದು ಬೆರಳಿನಿಂದ ತಳ್ಳಿದರೆ ಒಳಗೆ ಹೋಯಿತು. ಚಾನೆಲ್ ಮುಟ್ಟಲೇ ಇಲ್ಲ.

ಈಗ ಓರೆಯ ವಿಷಯ. ಡ್ರಾಯರಿನ ಮುಖದ ಮೇಲಂಚಿನ ಸಂದು ಎಡಗಡೆ 5 ಮಿಮೀ, ಬಲಗಡೆ 3 ಮಿಮೀ ಇತ್ತು. ಕ್ಯಾಬಿನೆಟ್ ಇಟ್ಟಿರುವ ನೆಲವೇ ಸರಿಯಿಲ್ಲ ಎಂಬ ಮಾತು ಬಂತು. ರಸಮಟ್ಟ ಇಟ್ಟು ನೋಡಿದಾಗ ಕ್ಯಾಬಿನೆಟ್ಟಿನ ತಳದ ಹಲಗೆ ಸರಿಯಾಗಿಯೇ ಇತ್ತು. ಆ ಹಲಗೆಯಿಂದ ಚಾನೆಲ್ಲಿನ ಕೆಳಅಂಚಿಗೆ ಎಡಗಡೆ 140 ಮಿಮೀ, ಬಲಗಡೆ 142. ಟೇಪು ಹಿಡಿದು ಪೆನ್ಸಿಲ್ ಗೀಟು ಹಾಕುವಾಗ ಒಂದೆರಡು ಮಿಮೀ ಜಾರುವುದು ಸಹಜ. ಈ ಕೆಲಸಕ್ಕೆ ಟೇಪಿಗಿಂತ ಒಂದು ಪ್ಲೈವುಡ್ ತುಂಡು ಮೇಲು. ತುಂಡನ್ನು 140 ಮಿಮೀ ಎತ್ತರಕ್ಕೆ ಕೊಯ್ದು, ಕ್ಯಾಬಿನೆಟ್ಟಿನ ಆಳದಷ್ಟು ಉದ್ದ ಇಟ್ಟುಕೊಂಡು, ತಳದ ಹಲಗೆಯ ಮೇಲೆ ಪಕ್ಕಕ್ಕೆ ಒರಗಿಸಿ ನಿಲ್ಲಿಸುತ್ತಾರೆ. ಅದರ ಮೇಲೆ ಚಾನೆಲ್ ಇಟ್ಟು ಸ್ಕ್ರೂ ಹಾಕುತ್ತಾರೆ. ಅದೇ ತುಂಡನ್ನು ಎದುರು ಪಕ್ಕಕ್ಕೂ ಬಳಸುತ್ತಾರೆ. ತುಂಡು ಒಂದೇ ಆದ್ದರಿಂದ ಅಳತೆ ಅರ್ಧ ಮಿಮೀ ತಪ್ಪಿದ್ದರೂ ಎರಡೂ ಕಡೆ ಒಂದೇ ಬಗೆಯಲ್ಲಿ ತಪ್ಪಿರುತ್ತದೆ, ಡ್ರಾಯರ್ ಓರೆಯಾಗುವುದಿಲ್ಲ. ಮೂರು ಡ್ರಾಯರುಗಳಿದ್ದರೆ ಮೇಲಿನದಕ್ಕೆ ಮೊದಲು ಹಾಕಿ, ಆಮೇಲೆ ಅದೇ ತುಂಡನ್ನು ಮಧ್ಯದ ಡ್ರಾಯರಿಗೆ, ಕೊನೆಗೆ ಕೆಳಗಿನದಕ್ಕೆ ಗಿಡ್ಡ ಮಾಡುತ್ತ ಬರಬಹುದು.

ಚಾನೆಲ್ಲಿನಲ್ಲಿ ದುಂಡು ತೂತುಗಳ ಜೊತೆ ಉದ್ದನೆಯ ಸೀಳು ತೂತುಗಳೂ ಇರುತ್ತವೆ. ಮೊದಲು ಸೀಳು ತೂತುಗಳಲ್ಲಿ ಮಾತ್ರ ಸ್ಕ್ರೂ ಹಾಕಿ, ಡ್ರಾಯರ್ ಹಾಕಿ ತೆಗೆದು ನೋಡಿ, ಒಂದೆರಡು ಮಿಮೀ ಸರಿಸಿ, ತೃಪ್ತಿಯಾದ ಮೇಲೆ ದುಂಡು ತೂತುಗಳಲ್ಲಿ ಸ್ಕ್ರೂ ಹಾಕಿ ಭದ್ರಮಾಡಬೇಕು. ನಮ್ಮಲ್ಲಿ ಬಲಗಡೆಯ ಚಾನೆಲ್ಲನ್ನು ಸೀಳುಗಳ ಆಸ್ಪದದಲ್ಲೇ 2 ಮಿಮೀ ಇಳಿಸಲು ಸಾಧ್ಯವಾಯಿತು. ದುಂಡು ತೂತುಗಳಲ್ಲಿ ಸ್ಕ್ರೂ ಹಾಕಿಬಿಟ್ಟಿದ್ದರೆ ಹಳೆಯ ತೂತಿನ ಪಕ್ಕದಲ್ಲೇ ಹೊಸ ತೂತು ಕೊರೆಯಬೇಕಾಗುತ್ತಿತ್ತು, ಆ ಜಾಗದಲ್ಲಿ ಸ್ಕ್ರೂ ಮತ್ತೆ ಗಟ್ಟಿ ಹಿಡಿಯುವುದು ಕಷ್ಟ. ಸ್ಕ್ರೂ ತಲೆ ಚಾನೆಲ್ಲಿನ ಮೇಲ್ಮೈಗಿಂತ ಎದ್ದು ನಿಂತರೆ ಗುಂಡುಗಳ ಪಟ್ಟಿ ಅದಕ್ಕೆ ತಗುಲಿ ಒಂದೇ ಜಾಗದಲ್ಲಿ ಕಟಕಟ ಎನ್ನುತ್ತದೆ. ಶಬ್ದ ಪ್ರತಿ ಸಲವೂ ಅದೇ ಜಾಗದಲ್ಲಿ ಬಂದರೆ ಮೊದಲು ಸ್ಕ್ರೂ ತಲೆ ನೋಡಿ.

ಮುಖದ ಓರೆಗೆ ಪೆಟ್ಟಿಗೆಯ ಮೂಲೆಯೂ ಕಾರಣವಾಗಬಹುದು. 536 ಮಿಮೀ ಅಗಲ, 450 ಮಿಮೀ ಆಳದ ಪೆಟ್ಟಿಗೆಯ ಎರಡು ಕರ್ಣಗಳಲ್ಲಿ 3 ಮಿಮೀ ವ್ಯತ್ಯಾಸವಿದ್ದರೆ ಮುಚ್ಚಿದಾಗ ಮುಖದ ಒಂದು ತುದಿ ಇನ್ನೊಂದಕ್ಕಿಂತ 2 ಮಿಮೀಗೂ ಸ್ವಲ್ಪ ಹೆಚ್ಚು ಹೊರಗೆ ಉಳಿಯುತ್ತದೆ. ಎತ್ತರದ ಅಳತೆ ಎಷ್ಟು ಸರಿಮಾಡಿದರೂ ಈ ದೋಷ ಹೋಗುವುದಿಲ್ಲ. ಪೆಟ್ಟಿಗೆಯ ತಳ ಕೂರಿಸುವ ಮೊದಲೇ ಕರ್ಣಗಳನ್ನು ಸರಿಹೊಂದಿಸಬೇಕು.

ಜೋಡಣೆ ಮುಗಿದ ಮೇಲೂ ಒಂದು ತೊಂದರೆ ಉಂಟು. ಪೆಟ್ಟಿಗೆಯನ್ನು ಕಳಚಿ ಮತ್ತೆ ಹಾಕುವಾಗ ಗುಂಡು ಕೂತಿರುವ ಪಟ್ಟಿ ಎರಡೂ ಕಡೆ ಪೂರ್ತಿ ಮುಂದಕ್ಕೆ ಬಂದಿರಬೇಕು. ಒಂದು ಕಡೆ ಒಳಗೆ ಉಳಿದರೆ ಡ್ರಾಯರ್ ಪೂರ್ತಿ ಮುಚ್ಚದೆ ನಿಲ್ಲುತ್ತದೆ. ಒತ್ತಿ ತಳ್ಳಿದರೆ ಪಟ್ಟಿ ಬಾಗಿ ಗುಂಡುಗಳು ಉದುರುತ್ತವೆ. ಆಗ ಆ ಚಾನೆಲ್ ಬದಲಿಸುವುದೇ ದಾರಿ.

ಭಾರ ತುಂಬಿದ ಡ್ರಾಯರನ್ನು ಪೂರ್ತಿ ಎಳೆದಾಗ ಮುಂಭಾಗ ತುಸು ಜಗ್ಗುವುದು ಜೋಡಣೆಯ ತಪ್ಪಲ್ಲ. ಅದನ್ನು ಸರಿದೂಗಿಸಲು ಚಾನೆಲ್ಲಿನ ಮುಂತುದಿ ಎತ್ತಿ ಹಾಕಿದರೆ ಖಾಲಿ ಡ್ರಾಯರ್ ಬಿಟ್ಟ ಕಡೆ ನಿಲ್ಲದೆ ತಾನಾಗಿ ಒಳಗೆ ಓಡುತ್ತದೆ. ಮಟ್ಟ ನೋಡುವ ಸರಳ ಪರೀಕ್ಷೆಯೂ ಇದರಲ್ಲೇ ಇದೆ: ಖಾಲಿ ಡ್ರಾಯರನ್ನು ಅರ್ಧ ತೆರೆದು ಕೈಬಿಡಿ. ತಾನಾಗಿ ಮುಚ್ಚುವ ಬಗೆಯ ಚಾನೆಲ್ ಅಲ್ಲದಿದ್ದರೆ, ಅದು ಹಿಂದೆ ಮುಂದೆ ಹೋಗದೆ ಅಲ್ಲೇ ನಿಲ್ಲಬೇಕು. ನಮ್ಮದು ಈಗ ನಿಲ್ಲುತ್ತದೆ.